ಡಿಸ್ಟೋನಿಯಾ ಚುಚ್ಚುಮದ್ದು: ‘ಸ್ನಾಯುವಿಗೆ ಪಾರ್ಶ್ವವಾಯು’ ಎನ್ನಬಹುದೇ?

ಅನುವಾದಕಿ, ಶಿವಮೊಗ್ಗ

ಬಳಗದವರಿಗೆ ನಮಸ್ಕಾರ.

ಕುತ್ತಿಗೆಯ ಡಿಸ್ಟೋನಿಯಾ, ಅಂದರೆ ಕತ್ತು ತಾನಾಗಿಯೇ ಒಂದು ಕಡೆಗೆ ಹೊರಳುವ ಕಾಯಿಲೆ, ಇರುವವರಿಗೆ ಆಸ್ಪತ್ರೆಯೊಂದು ಕೊಡುವ ಮಾಹಿತಿಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಹಿಂದೆ ಯಾರೋ ಮಾಡಿಟ್ಟ ಕರಡಿನಲ್ಲಿ ಈ ಸಾಲಿದೆ: ‘ಬೊಟುಲಿನಮ್ ವಿಷವು ಸ್ನಾಯುವಿಗೆ ಪಾರ್ಶ್ವವಾಯು ಉಂಟುಮಾಡಿ ಸೆಳವನ್ನು ನಿಲ್ಲಿಸುತ್ತದೆ.’ ಇದನ್ನು ಓದಿದ ರೋಗಿ ಚುಚ್ಚುಮದ್ದಿಗೆ ಒಪ್ಪುವುದಾದರೂ ಹೇಗೆ? ಪಾರ್ಶ್ವವಾಯು ಎಂದರೆ ನಮಗೆ ಅರ್ಧ ದೇಹ ಬಿದ್ದುಹೋಗುವ ಲಕ್ವ. ಇಲ್ಲಿ ಹೇಳುತ್ತಿರುವುದು ಒಂದೆರಡು ಸ್ನಾಯುಗಳ ಮಾತು. ‘ಸೆಳವು’ ಕೂಡ ಮೂರ್ಛೆರೋಗವನ್ನು ನೆನಪಿಸುತ್ತದೆ. ಈ ಎರಡು ಪದಗಳ ಜಾಗಕ್ಕೆ ಏನು ಬಳಸಬಹುದು? ವಿಷ ಒಳಗೆ ಮಾಡುವ ಕೆಲಸ ಏನೆಂದು ತಿಳಿದವರು ಹೇಳಿದರೆ ಪದ ಆರಿಸುವುದು ಸುಲಭವಾಗುತ್ತದೆ.

ಸಂಸ್ಕೃತ ಉಪನ್ಯಾಸಕರು, ಉಡುಪಿ

ಕಾಯಿಲೆಗೆ ‘ಮನ್ಯಾಸ್ತಂಭ’ ಎಂಬ ಹಳೆಯ ಹೆಸರು ಆಯುರ್ವೇದದಲ್ಲಿಯೇ ಇದೆ. ಮನ್ಯಾ ಎಂದರೆ ಕುತ್ತಿಗೆಯ ಭಾಗ, ಸ್ತಂಭ ಎಂದರೆ ಸ್ತಬ್ಧವಾಗುವುದು. ಅದನ್ನೇ ಬಳಸಿ. ಇನ್ನು ಈ ವಿಷ ನರವನ್ನು ಕೊಲ್ಲುತ್ತದೆ, ನರ ಸತ್ತ ಮೇಲೆ ಸ್ನಾಯು ಎಳೆಯುವುದು ನಿಲ್ಲುತ್ತದೆ. ಆದ್ದರಿಂದ ‘ನರನಾಶಕ’ ಎಂದರೆ ನೇರವಾಗಿ ಅರ್ಥವಾಗುತ್ತದೆ.

ನಿವೃತ್ತ ನರರೋಗ ವೈದ್ಯರು, ಮೈಸೂರು

ಉಪನ್ಯಾಸಕರ ಹೆಸರಿನಲ್ಲಿ ಕುತ್ತಿಗೆ ಇದೆ, ತಿರುಚುವಿಕೆ ಇಲ್ಲ. ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿದ್ದರೂ ಅದು ಮನ್ಯಾಸ್ತಂಭವೇ. ಡಿಸ್ಟೋನಿಯಾದಲ್ಲಿ ಕತ್ತು ಸುಮ್ಮನೆ ಬಿಗಿಯುವುದಿಲ್ಲ, ಒಂದು ಕಡೆಗೆ ಹೊರಳುತ್ತದೆ, ಕೆಲವರಲ್ಲಿ ಅದುರುತ್ತದೆ. ತೊಂದರೆಯ ಮೂಲ ಮೆದುಳಿನಲ್ಲಿ. ಚಲನೆಯನ್ನು ಹದಗೊಳಿಸುವ ಮಂಡಲಗಳು ತಪ್ಪು ಆಜ್ಞೆ ಕಳುಹಿಸುತ್ತವೆ. ಸ್ನಾಯು ಆ ಆಜ್ಞೆಯನ್ನು ಪಾಲಿಸುತ್ತದೆ, ಅಷ್ಟೇ.

‘ನರನಾಶಕ’ವಂತೂ ಬೇಡವೇ ಬೇಡ. ನರ ಸಾಯುವುದಿಲ್ಲ. ಸ್ನಾಯು ಕುಗ್ಗಬೇಕಾದರೆ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡಬೇಕು. ವಿಷ ನರದ ತುದಿಯೊಳಗೆ ಹೊಕ್ಕು, ಆ ಬಿಡುಗಡೆಗೆ ಬೇಕಾದ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ಮೆದುಳಿನ ತಪ್ಪು ಆಜ್ಞೆ ಹೊರಡುತ್ತಲೇ ಇರುತ್ತದೆ, ಆದರೆ ಸ್ನಾಯುವಿಗೆ ಮುಟ್ಟುವುದು ಅದರ ಒಂದಿಷ್ಟು ಪಾಲು ಮಾತ್ರ. ಕೆಲವು ವಾರಗಳಲ್ಲಿ ನರದ ತುದಿಯಿಂದ ಹೊಸ ಕವಲುಗಳು ಚಿಗುರುತ್ತವೆ, ಮುಂದೆ ಹಳೆಯ ತುದಿಯೇ ಚೇತರಿಸಿಕೊಳ್ಳುತ್ತದೆ. ಸುಮಾರು ಮೂರು ತಿಂಗಳಿಗೆ ಮದ್ದಿನ ಪರಿಣಾಮ ಇಳಿದುಹೋಗುವುದು ಇದರಿಂದಲೇ.

ಹಾಗಾಗಿ ನನ್ನ ಸಲಹೆ: ‘ಸ್ನಾಯುವಿನ ಬಲವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ’. ಪೂರ್ತಿ ನಿಶ್ಚಲಗೊಳಿಸುವುದು ನಮ್ಮ ಉದ್ದೇಶವಲ್ಲ. ಹಾಗೆ ಮಾಡಿದರೆ ತಲೆ ಎತ್ತಿ ಹಿಡಿಯುವುದೇ ಕಷ್ಟವಾಗುತ್ತದೆ.

ಓದುಗರು, ಬಳ್ಳಾರಿ

ನನ್ನ ತಾಯಿಗೆ ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಕಾಲು ನೀಡಿ ತಿಕ್ಕಿದರೆ ಬಿಡುತ್ತದೆ. ಅದಕ್ಕೂ ಈ ಬೊಟಾಕ್ಸ್ ಆಗುತ್ತದೆಯೇ? ಮುಖದ ಸುಕ್ಕಿಗೆ ಹಾಕುವುದು ಎಂದಷ್ಟೇ ಕೇಳಿದ್ದೆ.

ನಿವೃತ್ತ ನರರೋಗ ವೈದ್ಯರು, ಮೈಸೂರು

ಸುಕ್ಕಿಗೆ ಹಾಕುವುದೂ ಇದೇ ಮದ್ದು. ಆದರೆ ತಾಯಿಯವರದು ಬೇರೆ ಬಗೆಯ ಹಿಡಿತ, ಅದಕ್ಕೆ ಇದು ಬೇಕಾಗಿಲ್ಲ. ಮೇಲಿಂದ ಮೇಲೆ ಬರುತ್ತಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ.

ಶಾಲಾ ಶಿಕ್ಷಕರು, ಧಾರವಾಡ

ಇದು ನನ್ನದೇ ಕಾಯಿಲೆ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ‘ಗೋಣು ಹೊರಳುತ್ತದೆ’ ಎನ್ನುತ್ತೇವೆ. ನನ್ನ ಗೋಣು ಬಲಕ್ಕೆ ಹೊರಳುತ್ತದೆ. ಎಡಗೈಯ ಒಂದು ಬೆರಳನ್ನು ಗಲ್ಲಕ್ಕೆ ಹಗುರವಾಗಿ ಮುಟ್ಟಿಸಿದರೆ ತಲೆ ತಾನಾಗಿ ನಡುವಿಗೆ ಬರುತ್ತದೆ, ಬೆರಳು ತೆಗೆದರೆ ಮತ್ತೆ ಹೋಗುತ್ತದೆ. ನೋಡಿದವರು ಇದೆಲ್ಲ ಮನಸ್ಸಿನದು ಎನ್ನುತ್ತಿದ್ದರು. ನನ್ನ ವೈದ್ಯರು ಅದನ್ನೇ ನೋಡಿ ರೋಗ ಗುರುತಿಸಿದರು.

ನನಗೆ ವಿಚಿತ್ರವೆನಿಸಿದ್ದು, ತಲೆ ಬಲಕ್ಕೆ ತಿರುಗುತ್ತಿದ್ದರೂ ಒಂದು ಸೂಜಿಯನ್ನು ಎಡಗಡೆಗೇ ಹಾಕಿದ್ದು. ಕೇಳಿದಾಗ ನನ್ನ ಕೈಯನ್ನೇ ಕುತ್ತಿಗೆಯ ಮೇಲಿಟ್ಟು ತೋರಿಸಿದರು: ಎಡಕಿವಿಯ ಹಿಂದಿನಿಂದ ಎದೆಮೂಳೆಯತ್ತ ಇಳಿಯುವ ಸ್ನಾಯು ಹಗ್ಗದಂತೆ ಉಬ್ಬಿತ್ತು. ಮುಖವನ್ನು ಬಲಕ್ಕೆ ತಿರುಗಿಸುವುದು ಅದೇ. ಅದರ ಜೊತೆಗೆ ಬಲಗಡೆ ಹಿಂಭಾಗದ ಇನ್ನೊಂದು ಸ್ನಾಯು ಎಳೆಯುತ್ತದೆ. ಮುಂದಿನದಕ್ಕೆ 40 ಯೂನಿಟ್, ಹಿಂದಿನದಕ್ಕೆ 80 ಹಾಕಿದರು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರದಲ್ಲಿ ನೋವು ಇಳಿಯಿತು, ತಿಂಗಳು ತುಂಬುವ ಹೊತ್ತಿಗೆ ಬೆರಳಿಲ್ಲದೆ ಪಾಠ ಮಾಡುತ್ತಿದ್ದೆ. ತಲೆ ಪೂರ್ತಿ ನೇರವಾಗಿಲ್ಲ, ಆದರೆ ಹಲಗೆಯ ಮೇಲೆ ಬರೆಯಬಲ್ಲೆ.

ಒಂದು ಬಾರಿ ಮುಂದಿನ ಸ್ನಾಯುವಿಗೆ ಪ್ರಮಾಣ ಹೆಚ್ಚಿಸಿದಾಗ, ಹತ್ತು ದಿನಗಳ ನಂತರ ನೀರು ಕುಡಿದರೆ ನೆತ್ತಿಗೇರತೊಡಗಿತು, ಅನ್ನ ಗಂಟಲಲ್ಲಿ ನಿಂತಂತೆ ಆಗುತ್ತಿತ್ತು. ಕೆಲವು ವಾರ ಮೆತ್ತಗಿನ ಊಟ ಮಾಡಿದೆ. ಮಾಹಿತಿಪತ್ರದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿರಿ. ‘ವಿಷ’ ಎಂಬ ಪದವನ್ನು ಮಾತ್ರ ದಯವಿಟ್ಟು ತೆಗೆಯಿರಿ. ಮೊದಲೇ ಅದನ್ನು ಓದಿದ್ದರೆ ನಾನು ಆಸ್ಪತ್ರೆಯಿಂದ ಎದ್ದು ಬರುತ್ತಿದ್ದೆ.

ನಿವೃತ್ತ ನರರೋಗ ವೈದ್ಯರು, ಮೈಸೂರು

ಶಿಕ್ಷಕರು ಹೇಳಿದ್ದು ಸರಿಯಾದ ಎಚ್ಚರಿಕೆ. ಆ ಮುಂದಿನ ಸ್ನಾಯು ಗಂಟಲಿನ ಪಕ್ಕದಲ್ಲೇ ಇದೆ. ಮದ್ದು ಸ್ವಲ್ಪ ಹರಡಿದರೂ ನುಂಗುವ ಸ್ನಾಯುಗಳ ಬಲ ಕುಗ್ಗುತ್ತದೆ. ಎರಡೂ ಬದಿಗೆ ಒಟ್ಟಿಗೆ ಹಾಕಿದರೆ ಅಪಾಯ ಇನ್ನೂ ಹೆಚ್ಚು. ನುಂಗಲು ತೊಂದರೆಯಾದರೆ ಕೂಡಲೇ ತಿಳಿಸಬೇಕು, ಉಸಿರಾಟಕ್ಕೆ ಕಷ್ಟವಾದರೆ ತುರ್ತು ಚಿಕಿತ್ಸೆಗೆ ಓಡಬೇಕು.

ಯೂನಿಟ್ ಲೆಕ್ಕದ ಬಗ್ಗೆಯೂ ಒಂದು ಸಾಲು ಇರಲಿ. ಒಂದು ತಯಾರಿಕೆಯ ಯೂನಿಟ್ಟನ್ನು ಇನ್ನೊಂದರದ್ದಕ್ಕೆ ಸಮವೆಂದು ಹಿಡಿಯುವಂತಿಲ್ಲ. ಶಿಕ್ಷಕರ 120ನ್ನು ನೋಡಿ, ಬೇರೆ ಬ್ರ್ಯಾಂಡಿನಲ್ಲಿ 500 ಪಡೆದವರು ಗಾಬರಿಯಾಗಬಾರದು. ಪರಿಣಾಮ ಬೇಗ ಇಳಿಯಿತೆಂದು 12 ವಾರಕ್ಕೆ ಮೊದಲೇ ಮತ್ತೆ ಹಾಕಿಸಿಕೊಳ್ಳುವುದೂ ಸರಿಯಲ್ಲ, ದೇಹ ಮದ್ದಿನ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದು. ಹಾಗಾಗಿದೆಯೇ ಎಂಬ ಅನುಮಾನ ಬಂದರೆ ಹಣೆಯ ಒಂದೇ ಬದಿಗೆ ಸ್ವಲ್ಪ ಮದ್ದು ಹಾಕಿ ಎರಡು ಮೂರು ವಾರ ಬಿಟ್ಟು ಹುಬ್ಬೇರಿಸಲು ಹೇಳುತ್ತೇವೆ. ಎರಡೂ ಬದಿ ಒಂದೇ ಸಮ ಗೆರೆಗಟ್ಟಿದರೆ ಮದ್ದು ಹಿಡಿಯುತ್ತಿಲ್ಲ ಎಂದರ್ಥ.

‘ವಿಷ’ ಪದವನ್ನು ತೆಗೆಯಲು ನನ್ನ ಒಪ್ಪಿಗೆ ಇಲ್ಲ. ಸಹಿ ಹಾಕುವವರಿಗೆ ಅದು ಏನೆಂಬುದು ಗೊತ್ತಿರಬೇಕು.

ಸಂಸ್ಕೃತ ಉಪನ್ಯಾಸಕರು, ಉಡುಪಿ

ನರ ಸಾಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ‘ವಿಷ’ದ ವಿಚಾರದಲ್ಲಿ ನಾನು ವೈದ್ಯರ ಪರ. ಬೊಟುಲಸ್ ಎಂದರೆ ಲ್ಯಾಟಿನ್‌ನಲ್ಲಿ ಸಾಸೇಜ್. ಕೆಟ್ಟ ಸಾಸೇಜ್ ತಿಂದು ಸತ್ತವರ ಬಗ್ಗೆ 1820ರ ದಶಕದಲ್ಲಿ ವಿವರವಾಗಿ ಬರೆದವರು ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್. ಅವರು ಕವಿಯೂ ಹೌದು. ಇದೇ ವಿಷ ಅತಿ ಸ್ವಲ್ಪ ಪ್ರಮಾಣದಲ್ಲಿ ಔಷಧವಾದೀತು ಎಂದು ಆಗಲೇ ಊಹಿಸಿದ್ದರು. ಹೆಸರಿನಲ್ಲೇ ಇರುವ ಚರಿತ್ರೆಯನ್ನು ಅಳಿಸುವುದೇಕೆ?

ಅನುವಾದಕಿ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಡಿಸ್ಟೋನಿಯಾ ಎಂಬ ಹೆಸರನ್ನು ಹಾಗೆಯೇ ಇಟ್ಟು, ‘ಸೆಳವು’ ಬಿಟ್ಟು ‘ತಿರುಚುವ ಎಳೆತ’ ಎಂದು ಬರೆಯುತ್ತೇನೆ. ಈಗಿನ ಸಾಲು ಹೀಗಿದೆ: ‘ಈ ಮದ್ದು ಬೊಟುಲಿನಮ್ ಎಂಬ ವಿಷದಿಂದ ತಯಾರಾದದ್ದು. ಅಳೆದ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಅತಿಯಾಗಿ ಎಳೆಯುತ್ತಿರುವ ಸ್ನಾಯುವಿನ ಬಲವನ್ನು ಸುಮಾರು ಮೂರು ತಿಂಗಳ ಮಟ್ಟಿಗೆ ತಗ್ಗಿಸುತ್ತದೆ. ಕಾಯಿಲೆಯ ಮೂಲವನ್ನು ಇದು ಗುಣಪಡಿಸುವುದಿಲ್ಲ.’

ಶಿಕ್ಷಕರೇ, ‘ವಿಷ’ ಇಲ್ಲಿ ಉಳಿದಿದೆ. ಜೊತೆಯಲ್ಲೇ ಪ್ರಮಾಣದ ಮಾತು ಬಂದ ಮೇಲೆ ನಿಮಗೆ ಈ ಸಾಲು ಹೇಗೆ ಕಾಣುತ್ತದೆ?

ಶಾಲಾ ಶಿಕ್ಷಕರು, ಧಾರವಾಡ

ಈಗ ಓದಿದರೆ ಹೆದರಿಕೆಯಿಲ್ಲ, ನನಗೆ ಅಭ್ಯಾಸವಾಗಿದೆ. ಮೊದಲ ಸಲ ಬರುವವರಿಗೆ ಓದಿಸಿ ಕೇಳಿರಿ. ಅಲ್ಲಿಯವರೆಗೆ ನನ್ನ ಆಕ್ಷೇಪ ಹಾಗೆಯೇ ಇರಲಿ.