ಪಠ್ಯದಲ್ಲಿ ಇಲ್ಲದ ರೋಬಸ್ಟಾ

“ದೊಡ್ಡಮ್ಮ, ಶನಿವಾರ ನನ್ನ ಐಇಎಲ್‌ಟಿಎಸ್ ಪರೀಕ್ಷೆ. ಓದುವ ಭಾಗದಲ್ಲಿ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳು ಪ್ರತಿ ಸಲವೂ ತಪ್ಪುತ್ತಿವೆ. ಅದರಲ್ಲೂ ನನಗೆ ಚೆನ್ನಾಗಿ ಗೊತ್ತಿರುವ ವಿಷಯ ಬಂದಾಗಲೇ ಜಾಸ್ತಿ. ತುಂಬಾ ಭಯವಾಗುತ್ತಿದೆ, ಏನು ಮಾಡಲಿ?”

ಪುಟ್ಟಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ್ದನ್ನು ಈಗಷ್ಟೇ ನೋಡಿದೆ. ಅಡುಗೆಮನೆಯ ಕೆಲಸ ಬಿಟ್ಟು ಕುಳಿತಿದ್ದೇನೆ, ಪೂರ್ತಿ ಕೇಳು. ನಿನ್ನ ಅಮ್ಮನೂ ಕೇಳಲಿ, ಅವಳಿಗೆ ಆ ದಿನಗಳು ನೆನಪಿರುತ್ತವೆ.

ನಾನು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದದ್ದು ನಿಮಗೆಲ್ಲ ಗೊತ್ತಿರುವುದೇ. ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಸೇರಲು ನನಗೆ ಎಲ್ಲ ಭಾಗಗಳಲ್ಲೂ 7 ಬೇಕಿತ್ತು. ಮೊದಲ ಸಲ ಉಳಿದದ್ದೆಲ್ಲ ಬಂತು, ಓದುವ ಭಾಗದಲ್ಲಿ ಮಾತ್ರ 6.5. ಅರ್ಧ ಅಂಕ! ಎಲ್ಲಿ ತಪ್ಪಿತು ಎಂದು ತಿಳಿಯುವಂತೆಯೂ ಇಲ್ಲ, ಏಕೆಂದರೆ ಉತ್ತರ ಪತ್ರಿಕೆಯನ್ನು ಅವರು ತಿರುಗಿ ಕೊಡುವುದಿಲ್ಲ. ಓದಿನ ವೇಗ ಸಾಲದು ಎಂದುಕೊಂಡು ಎರಡು ತಿಂಗಳು ಬರೀ ವೇಗವನ್ನೇ ಅಭ್ಯಾಸ ಮಾಡಿದೆ. ಕಾರಣ ಅದಾಗಿರಲಿಲ್ಲ.

ಆಗ ನಮಗೆ ಪಾಠ ಹೇಳುತ್ತಿದ್ದ ಮೇಡಂ ಒಂದು ಅಭ್ಯಾಸ ಪತ್ರಿಕೆ ಕೊಟ್ಟರು. ವಿಷಯ ನೋಡಿ ನನಗೆ ಹಬ್ಬವೇ ಆಯಿತು: ಸಿಲೋನಿನ ಕಾಫಿ ತೋಟಗಳಿಗೆ ಬಡಿದ ಎಲೆ ತುಕ್ಕು ರೋಗ. ತೋಟದಲ್ಲಿ ಹುಟ್ಟಿದವಳು ನಾನು, ಕಾಫಿಯ ಬಗ್ಗೆ ನನಗೆ ಯಾರು ಏನು ಹೇಳಬೇಕು? ಎಲೆಯನ್ನು ಮಗುಚಿ ಹೆಬ್ಬೆರಳಿನಿಂದ ಒರೆಸಿದರೆ ಕಿತ್ತಳೆ ಬಣ್ಣದ ಪುಡಿ ಅಂಟಿಕೊಳ್ಳುತ್ತಿತ್ತು. ಮಳೆಗಾಲಕ್ಕೆ ಮೊದಲು ಅಪ್ಪ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದವಳು ಆ ಪುಟದಲ್ಲಿ ಒಂದರ ಹಿಂದೆ ಒಂದು ಮೂರು ಉತ್ತರ ತಪ್ಪಿದೆ.

ಪಠ್ಯದಲ್ಲಿ ಇದ್ದದ್ದು ಇಷ್ಟೇ: 1869ರಲ್ಲಿ ಸಿಲೋನಿನಲ್ಲಿ ಈ ರೋಗ ಕಾಣಿಸಿಕೊಂಡಿತು, ಅದಕ್ಕೆ ಕಾರಣ ಒಂದು ಶಿಲೀಂಧ್ರ. ಅಲ್ಲಿನವರು ಕಾಡನ್ನು ಪೂರ್ತಿ ಕಡಿದು, ಸುಡುಬಿಸಿಲಿನ ಬಯಲಿನಲ್ಲಿ ಗಿಡಗಳನ್ನು ಒತ್ತೊತ್ತಾಗಿ ನೆಟ್ಟಿದ್ದರು. ತೋಟಗಳು ಹಾಳಾದ ಮೇಲೆ ಕೆಲವರು ಸಿಂಕೋನಾ ಎಂಬ ಔಷಧಿ ಮರ ಹಾಕಿದರು, ಬಹುತೇಕರು ಟೀಗೆ ತಿರುಗಿದರು.

ಇದನ್ನು ಓದಿ, ಪ್ರತಿ ಹೇಳಿಕೆಯೂ ಪಠ್ಯದ ಪ್ರಕಾರ ಸರಿಯೋ, ತಪ್ಪೋ, ಪಠ್ಯದಲ್ಲಿ ಇಲ್ಲವೋ ಎಂದು ಬರೆಯಬೇಕಿತ್ತು. ಮೊದಲ ಹೇಳಿಕೆ: ಅರೇಬಿಕಾ ಕಾಫಿಗಿಂತ ರೋಬಸ್ಟಾ ಕಾಫಿ ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ. ನಾನು ಯೋಚಿಸಲೇ ಇಲ್ಲ, ಟ್ರೂ ಎಂದು ಬರೆದೆ. ನಮ್ಮ ತೋಟದ ಮೇಲಿನ ಪಟ್ಟಿಯ ಅರೇಬಿಕಾ ಎಲೆ ಉದುರಿಸಿಕೊಂಡು ನಿಂತಾಗಲೂ ಕೆಳಗಿನ ರೋಬಸ್ಟಾ ಹಸಿರಾಗಿಯೇ ಇರುತ್ತಿದ್ದದ್ದನ್ನು ಕಣ್ಣಾರೆ ಕಂಡವಳು. ಉತ್ತರ: ನಾಟ್ ಗಿವನ್. ಆ ಪಠ್ಯದಲ್ಲಿ ರೋಬಸ್ಟಾ ಎಂಬ ಪದವೇ ಇರಲಿಲ್ಲ ಪುಟ್ಟಿ! ಅದು ಇದ್ದದ್ದು ನನ್ನ ತಲೆಯಲ್ಲಿ.

ಎರಡನೆಯದು: ಸಿಲೋನಿನ ಕಾಫಿ ಗಿಡಗಳಿಗೆ ಮರದ ನೆರಳು ಇರಲಿಲ್ಲ. ನೆರಳಿಲ್ಲದೆ ಯಾರಾದರೂ ಕಾಫಿ ಬೆಳೆಯುತ್ತಾರೆಯೇ? ನಮ್ಮಲ್ಲಿ ಹಾಲುವಾಣ, ಸಿಲ್ವರ್ ಓಕ್ ಇಲ್ಲದ ತೋಟವನ್ನೇ ನಾನು ಕಂಡಿರಲಿಲ್ಲ. ಫಾಲ್ಸ್ ಎಂದೆ. ಉತ್ತರ ಟ್ರೂ. ಮರ ಕಡಿದು ಬಯಲು ಮಾಡಿದರು ಎಂದು ಸಾಲು ಬಾಯಿಬಿಟ್ಟು ಹೇಳುತ್ತಿತ್ತು, ನನಗೆ ಕೇಳಿಸಲಿಲ್ಲ.

ಮೂರನೆಯದು: ರೋಗದ ನಂತರ ಎಲ್ಲ ತೋಟದವರೂ ಟೀ ಬೆಳೆದರು. ಸಿಲೋನ್ ಎಂದರೆ ಟೀ, ಇದು ಮಕ್ಕಳಿಗೂ ಗೊತ್ತು, ಟ್ರೂ ಎಂದೆ. ಉತ್ತರ ಫಾಲ್ಸ್. ಬಹುತೇಕರು ಎಂದಿದ್ದ ಕಡೆ ನಾನು ಎಲ್ಲರೂ ಎಂದು ಓದಿಕೊಂಡೆ, ಸಿಂಕೋನಾ ಹಾಕಿದವರು ಎದುರಿಗೇ ಇದ್ದರೂ.

ಆದ್ದರಿಂದ ಹೇಳುತ್ತೇನೆ, ನಿನಗೆ ಗೊತ್ತಿರುವ ವಿಷಯ ಬಂದರೆ ಅಲ್ಲೇ ಎಚ್ಚರವಾಗು. ಗೊತ್ತಿಲ್ಲದ ವಿಷಯ ಬಂದಾಗ ನಾವು ಸಾಲು ಸಾಲು ಹುಡುಕುತ್ತೇವೆ. ಗೊತ್ತಿರುವುದು ಬಂದರೆ ಹುಡುಕುವುದೇ ಇಲ್ಲ. ನೀನು ಫಿಸಿಯೋಥೆರಪಿ ಓದಿದವಳು, ಬೆನ್ನು ನೋವಿನ ಪಠ್ಯ ಬಂದರೆ ನಿನ್ನ ಪಾಡೂ ಇದೇ ಆಗುತ್ತದೆ.

ಆ ಮೇಲಿನ ಪಟ್ಟಿಯ ಮಾತು ಬಂತಲ್ಲ, ಹೇಳದೆ ಇರಲಾರೆ. ಆ ಅರೇಬಿಕಾವನ್ನು ಕಿತ್ತುಹಾಕುವಾಗ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಪರೀಕ್ಷೆಗೆಂದು ಮಂಗಳೂರಿನಲ್ಲಿದ್ದೆ, ಬರುವಷ್ಟರಲ್ಲಿ ಬುಡಗಳು ಸೌದೆಯಾಗಿ ಅಂಗಳದಲ್ಲಿ ಬಿದ್ದಿದ್ದವು. ಅಪ್ಪ ಕೈಯಾರೆ ನೆಟ್ಟ ಗಿಡಗಳು. ತುಕ್ಕಿಗೆ ಔಷಧಿ ಹೊಡೆಸಿ ಸಾಕಾಯಿತು ಎಂದು ಮನೆಯವರು ಹೇಳಿದರು, ಇರಬಹುದು. ಮದುವೆಯಾಗಿ ಹೋದವಳಿಗೆ ತೋಟದಲ್ಲಿ ಏನು ಕೆಲಸ ಎಂದೂ ಒಬ್ಬರು ಅಂದರು, ಅವರೂ ಈ ಗುಂಪಿನಲ್ಲಿದ್ದಾರೆ. ಆ ವರ್ಷ ನನ್ನ ಫಲಿತಾಂಶ ಏನಾಯಿತು ಎಂದು ವಿಚಾರಿಸಿದವಳು ನಿನ್ನ ಅಮ್ಮ ಒಬ್ಬಳೇ. ಅದನ್ನು ನಾನು ಮರೆತಿಲ್ಲ.

ಇರಲಿ. ನಿನ್ನ ಶನಿವಾರದ ಮಾತು. ಮತ್ತೊಮ್ಮೆ ಹೇಳುತ್ತೇನೆ, ಗೊತ್ತಿರುವ ವಿಷಯ ಬಂದಾಗಲೇ ಎಚ್ಚರ. ಆದರೆ ಎಚ್ಚರ ಎಂದಾಕ್ಷಣ ಎಲ್ಲದಕ್ಕೂ ನಾಟ್ ಗಿವನ್ ಬರೆಯಬೇಡ, ನಾನು ಮುಂದಿನ ವಾರ ಅದನ್ನೂ ಮಾಡಿದ್ದೆ. ಬಯಲಿನ ಸುಡುಬಿಸಿಲು ಎಂದರೆ ನೆರಳಿಲ್ಲ ಎಂದು ತಿಳಿಯುವುದು ಭಾಷೆಯ ತಿಳಿವಳಿಕೆ, ಅದು ಬೇಕು. ಪ್ರಶ್ನೆಯಲ್ಲಿ ಪಠ್ಯದ ಪದಗಳನ್ನೇ ಬಳಸುವುದಿಲ್ಲ, ಬೇರೆ ಮಾತಿನಲ್ಲಿ ಹೇಳುತ್ತಾರೆ. ರೋಬಸ್ಟಾಕ್ಕೆ ತುಕ್ಕು ಕಡಿಮೆ ಎನ್ನುವುದು ಮಾತ್ರ ತೋಟದ ತಿಳಿವಳಿಕೆ, ಅದನ್ನು ಹೊರಗೇ ಬಿಡಬೇಕು.

ಮೇಡಂ ನನಗೆ ಕಲಿಸಿದ್ದು ಹೀಗೆ. ಉತ್ತರ ಬರೆಯುವ ಮುನ್ನ ಪಠ್ಯದ ಒಂದು ಸಾಲಿನ ಮೇಲೆ ಬೆರಳಿಡು. ಆ ಸಾಲು ಹೇಳಿಕೆಯನ್ನೇ ಹೇಳುತ್ತಿದ್ದರೆ ಟ್ರೂ. ಆ ಸಾಲೂ ಹೇಳಿಕೆಯೂ ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ ಇಲ್ಲದಿದ್ದರೆ ಫಾಲ್ಸ್. ಬೆರಳಿಡಲು ಸಾಲೇ ಸಿಗದಿದ್ದರೆ, ಅಥವಾ ವಿಷಯ ಇದ್ದೂ ಕೇಳಿದ ಅಂಶ ಇಲ್ಲದಿದ್ದರೆ ನಾಟ್ ಗಿವನ್. ಫಾಲ್ಸ್ ಮತ್ತು ನಾಟ್ ಗಿವನ್ ನಡುವೆ ಸಿಕ್ಕಿಕೊಂಡರೆ ಹೇಳಿಕೆಯನ್ನು ತಿರುಗಿಸಿ ನೋಡು. ರೋಬಸ್ಟಾಕ್ಕೇ ತುಕ್ಕು ಹೆಚ್ಚು ಎಂದು ಬರೆದಿದ್ದರೆ ಆ ಪಠ್ಯ ಬೇಡ ಎನ್ನುತ್ತಿತ್ತೇ? ಇಲ್ಲ. ಹೀಗೆಂದರೂ ಸುಮ್ಮನಿರುತ್ತದೆ, ಹಾಗೆಂದರೂ ಸುಮ್ಮನಿರುತ್ತದೆ. ಅಲ್ಲಿಗೆ ನಾಟ್ ಗಿವನ್. ಎಲ್ಲರೂ ಟೀ ಬೆಳೆದರು ಎಂದರೆ ಮಾತ್ರ ಸಿಂಕೋನಾದ ಸಾಲು ಎದ್ದು ನಿಲ್ಲುತ್ತದೆ.

ಈ ಪ್ರಶ್ನೆಗಳು ಸಾಮಾನ್ಯವಾಗಿ ಪಠ್ಯದ ಕ್ರಮದಲ್ಲೇ ಬರುತ್ತವೆ. ಹಾಗಾಗಿ ಮೂರನೆಯ ಮತ್ತು ಐದನೆಯ ಹೇಳಿಕೆಯ ಸಾಲು ಸಿಕ್ಕಿದ್ದರೆ ನಾಲ್ಕನೆಯದನ್ನು ಆ ಎರಡರ ನಡುವೆಯೇ ಹುಡುಕು, ಅಲ್ಲಿ ಇಲ್ಲದಿದ್ದರೆ ನಾಟ್ ಗಿವನ್ ಎಂದು ಬರೆದು ಮುಂದೆ ಹೋಗು. 60 ನಿಮಿಷಕ್ಕೆ 40 ಪ್ರಶ್ನೆ, ಒಂದರ ಹಿಂದೆಯೇ ಐದು ನಿಮಿಷ ಕಳೆಯಬೇಡ. ತಪ್ಪಿದರೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡ. ಇನ್ನೊಂದು, ಕೆಲವು ಕಡೆ ಟ್ರೂ, ಫಾಲ್ಸ್ ಬದಲು ಯೆಸ್, ನೋ ಎಂದು ಕೇಳುತ್ತಾರೆ. ಅಲ್ಲಿ ನೋಡಬೇಕಾದದ್ದು ಬರೆದವರ ಅಭಿಪ್ರಾಯ. ಸೂಚನೆಯಲ್ಲಿ ಯಾವ ಪದ ಇದೆಯೋ ಅದನ್ನೇ ಬರೆ.

ಇವತ್ತು ರಾತ್ರಿ ನೀನು ತಪ್ಪಿದ ಆ ಪತ್ರಿಕೆಯನ್ನೇ ಮತ್ತೆ ತೆಗೆ. ಒಂದೊಂದು ಉತ್ತರದ ಪಕ್ಕದಲ್ಲೂ ಅದು ಯಾವ ಸಾಲಿನಿಂದ ಬಂತು ಎಂದು ಸಾಲಿನ ಸಂಖ್ಯೆ ಬರೆದು, ಫೋಟೋ ತೆಗೆದು ನನಗೆ ಕಳುಹಿಸು. ಸಂಖ್ಯೆ ಬರೆಯಲಾಗದ ಟ್ರೂ ಎಷ್ಟಿವೆ ಎಂದು ನೋಡೋಣ. ನಾನು ಹನ್ನೊಂದರವರೆಗೂ ಎದ್ದಿರುತ್ತೇನೆ.