ಮಂಗಳವಾರದ ಸಂತಿ ವ್ಯಾಪಾರ ಹೀಟ್‌ಮ್ಯಾಪ್‌ನ್ಯಾಗ ಚದುರಿ ಬೀಳ್ತದ, ಯಾಕಂತ ತಿಳೀವಲ್ದು

ಸಂತಿ_ಕಿರಾಣಿ (ಇಂಡಿ ತಾಲೂಕು)

ನಮ್ಮೂರಾಗ ಮಂಗಳವಾರ ಸಂತಿ. ಸುತ್ತ ಹಳ್ಳಿ ಮಂದಿ ಬರ್ತಾರ, ಅವತ್ತಿನ ಗಲ್ಲಾ ಬ್ಯಾರೆ ದಿನದ ಎರಡರಷ್ಟು ಇರ್ತದ. ಅದು ನಮ್ಮಪ್ಪಗೂ ಗೊತ್ತದ. ಉಳಿದ ಆರು ದಿನದಾಗ ಯಾವ ದಿನ ವ್ಯಾಪಾರ ಸಪ್ಪಗ ಇರ್ತದ, ಕೆಲಸದ ಹುಡುಗಗ ಯಾವತ್ತು ಸುಟಿ ಕೊಟ್ರ ನಡೀತದ ಅಂತ ನೋಡಾಕ ಕ್ಯಾಲೆಂಡರ್ ಹೀಟ್‌ಮ್ಯಾಪ್ ಮಾಡೀನಿ, ದಿನಕ್ಕೊಂದು ಮನಿ, ವ್ಯಾಪಾರ ಹೆಚ್ಚಾದಷ್ಟು ಬಣ್ಣ ಕಡು. ಮಂಗಳವಾರದ ಸಾಲು ಉದ್ದಕ್ಕೂ ಕಡುಬಣ್ಣ ಬರಬೇಕಿತ್ತು. ಬಂದದ್ದು ಬ್ಯಾರೆ. ಕೆಲವು ಮಂಗಳವಾರ ಕಡು, ಕೆಲವು ಬಿಳಚಿ. ಸೋಮವಾರ, ಗುರುವಾರದ ಸಾಲಿನ್ಯಾಗ ಸಂಬಂಧ ಇಲ್ಲದ ಕಡು ಮನಿ ಎದ್ದು ಕಾಣ್ತಾವ. ಮೂರು ರಾತ್ರಿ ಇದರಾಗೇ ಹೋದ್ವು. ಒಟ್ಟು ಮೊತ್ತ ಬಿಲ್ಲಿಂಗ್ ಆ್ಯಪ್ ತೋರಿಸೋ ಮೊತ್ತಕ್ಕ ರೂಪಾಯಿಗೆ ರೂಪಾಯಿ ಹೊಂದ್ತದ, ಹಂಗಾಗಿ ಡೇಟಾ ಸರಿ ಅದ. ಚಿತ್ರ ಹಾಕೀನಿ. ಯಾರಿಗರ ಹಿಂಗ ಆಗೇದೇನ್ರಿ?

ಕೋಟೆಕೆರೆ_ಕೋಡರ್ (ಬೆಳಗಾವಿ)

ಇದು ಬಣ್ಣದ ಅಳತೆಯ ಸಮಸ್ಯೆ ರೀ, ಕಣ್ಣು ಮುಚ್ಚಿ ಹೇಳ್ತೀನಿ. ಯಾವುದೋ ಒಂದು ದಿನ ದೊಡ್ಡ ಬಿಲ್ ಆಗಿರ್ತೈತಿ, ಮದುವಿದೋ ದೀಪಾವಳಿದೋ. ಬಣ್ಣದ ಪಟ್ಟಿ ಪೂರ್ತಿ ಆ ಒಂದು ದಿನದವರೆಗೆ ಎಳೆದುಕೊಳ್ತೈತಿ, ಉಳಿದ ದಿನ ಎಲ್ಲಾ ಕೆಳಗಿನ ತುದಿಗೆ ಒತ್ತರಿಸಿ ಬಿಳಚಿಕೊಳ್ತಾವು. ಮೇಲಿನ ಮಿತಿಯನ್ನ 95ನೇ ಪರ್ಸೆಂಟೈಲ್‌ಗೆ ಕಟ್ಟಿಬಿಡ್ರಿ, ಸರಿ ಹೋಗ್ತೈತಿ.

ಸಂತಿ_ಕಿರಾಣಿ

ಮಾಡಿದೆ ಸರ್. ಬಣ್ಣ ಚೊಲೋ ಬಂತು, ಆದ್ರ ಸೋಮವಾರದ ಕಡು ಮನಿ ಇನ್ನೂ ಕಡು ಆಗಿ ಕುಂತಾವ.

ಕೋಟೆಕೆರೆ_ಕೋಡರ್

ಹಂಗಾರ 90ಕ್ಕೆ ಇಳಿಸ್ರಿ. ಇಲ್ಲಾ ಲಾಗ್ ತಗೊಂಡು ನೋಡ್ರಿ. ನನ್ನ ಅಣ್ಣನ ಮೆಡಿಕಲ್ ಅಂಗಡಿ ಡೇಟಾದಾಗ ಲಾಗ್ ತಗೊಂಡ ಮ್ಯಾಲೇ ವಾರದ ವಿನ್ಯಾಸ ಕಂಡದ್ದು.

ನಿವೃತ್ತ_ನಡಿಗೆ (ಬೆಳಗಾವಿ)

ನನಗೂ ಇದೇ ತೊಂದರೆ ಇದೆ. ವ್ಯಾಕ್ಸಿನ್ ಡಿಪೋದಲ್ಲಿ ದಿನಾ ಬೆಳಿಗ್ಗೆ ನಡೆಯುತ್ತೇನೆ, ಹೆಜ್ಜೆಗಳ ಹೀಟ್‌ಮ್ಯಾಪ್ ಇಟ್ಟಿದ್ದೇನೆ. ಭಾನುವಾರ ಗೆಳೆಯರ ಜೊತೆ ಎರಡು ಸುತ್ತು ಹೆಚ್ಚು ಆಗುತ್ತದೆ. ಆದರೆ ಚಿತ್ರದಲ್ಲಿ ಅದು ಶನಿವಾರಕ್ಕೆ ಕೂಡುತ್ತಿದೆ. ಗಡಿಯಾರ ಬದಲಿಸಬೇಕೇ? ಮಗ ಕೊಡಿಸಿದ್ದು, ಹೃದಯ ಬಡಿತ, ನಿದ್ದೆ ಎಲ್ಲಾ ಅಳೆಯುತ್ತದೆ.

ಖಣದ_ಅಂಗಡಿ (ಬಾಗಲಕೋಟೆ ನವನಗರ)

ಹಿರಿಯರ, ನಿಮ್ಮದು ಬ್ಯಾರೆ ಕಥಿ. ಇಡೀ ವರ್ಷ ಒಂದೇ ಮನಿ ಸರದಿದ್ರ ವಾರ ಎಲ್ಲಿಂದ ಸುರು ಅಂತ ನೋಡ್ರಿ. ಶೀಟ್‌ನ್ಯಾಗ ಸುಮ್ಮನ `WEEKDAY(A2)` ಅಂದ್ರ ರವಿವಾರ 1 ಆಗ್ತೈತಿ, `WEEKDAY(A2,2)` ಅಂದ್ರ ಸೋಮವಾರ 1. ಸಾಲಿನ ಹೆಸರು ಒಂದು ಲೆಕ್ಕದಾಗ, ಸೂತ್ರ ಇನ್ನೊಂದು ಲೆಕ್ಕದಾಗ ಇದ್ರ ನೀವು ಹೇಳಿದಂಗ ಆಗ್ತೈತಿ. ಸಂತಿ ಅಣ್ಣಾವ್ರದು ಹಂಗಲ್ಲ, ಅವರದು ಒಂದು ವಾರ ಸರಿ ಬಂದು ಇನ್ನೊಂದು ವಾರ ತಪ್ಪಾಕತ್ತೈತಿ.

ಕೋಟೆಕೆರೆ_ಕೋಡರ್

ವಾರ ಸೋಮವಾರದಿಂದಲೇ ಸುರು ಆಗಬೇಕ್ರಿ, ಐಎಸ್‌ಒ ಪದ್ಧತಿ ಹಂಗೇ ಐತಿ.

ಖಣದ_ಅಂಗಡಿ

ನಮ್ಮ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ರವಿವಾರದಿಂದ ಸುರು ಆಗ್ತೈತ್ರಿ. ಅತ್ತಿಯವ್ರಿಗೆ ತೋರಿಸಬೇಕಂದ್ರ ನಾನು ಅದರಂಗೇ ಬರೀತೀನಿ. ಅಂಗಡಿ ಮಂದಿಗೆ ಐಎಸ್‌ಒ ಯಾಕ ಬೇಕು?

ಘಟಪ್ರಭಾ_ದಂಡಿ (ಮುಧೋಳ)

ಸಂತಿ ಅವ್ರೆ, ನಿಮ್ಮ ಚಿತ್ರ ಜೂನ್‌ಗೆ ಕತ್ತರಿಸೈತಿ. ಪೂರ್ತಿ ವರ್ಷದ್ದು ಹಾಕ್ರಿ. ಯಾವುದರಾಗ ಮಾಡೀರಿ, ಆ್ಯಪ್‌ನಿಂದ ಇಳಿಸಿದ ಫೈಲಿನ್ಯಾಗ ತಾರೀಕು ಹೆಂಗ ಬರದೈತಿ, ಡೇಟಾ ಯಾವತ್ತಿನ ತನಕ ಐತಿ, ಇದೂ ಹೇಳ್ರಿ. ಇರೋ ಚಿತ್ರದಾಗ ನನಗ ಕಾಣೂದು ಇಷ್ಟು: ಪ್ರತಿ ತಿಂಗಳ ಮೊದಲ ಎರಡು ವಾರ ಅಷ್ಟೇ ಕೆಟ್ಟಾವು. ತಿಂಗಳ ಕಡಿ ಭಾಗದ ಮಂಗಳವಾರ ಎಲ್ಲಾ ಕಡು ಅದಾವು. ಬಣ್ಣದ ಅಳತಿ ತಪ್ಪಿದ್ರ ತಿಂಗಳ ಪೂರ್ತಿ ತಪ್ಪತಿತ್ತು, ತಾರೀಕು ನೋಡಿ ತಪ್ಪತಿರಲಿಲ್ಲ.

ಸಂತಿ_ಕಿರಾಣಿ

ಪೈಥಾನ್‌ದಾಗ ಮಾಡೀನ್ರಿ, ಪಾಂಡಾಸ್ 1.5, ಹಳೆ ಲ್ಯಾಪ್‌ಟಾಪ್. ಚಿತ್ರಕ್ಕ ಕ್ಯಾಲ್‌ಪ್ಲಾಟ್. ಡೇಟಾ 2025ರ ಜನವರಿ 1ರಿಂದ ಅಕ್ಟೋಬರ್ 31ರ ತನಕ. ತಾರೀಕು ಎಲ್ಲಾರೂ ಬರಿಯೂ ಹಂಗ ಅದ, 08/04/2025. ಪೂರ್ತಿ ಚಿತ್ರ ಈಗ ಹಾಕೀನಿ. ಓಡಿಸುವಾಗ ಒಂದಿಷ್ಟು ಎಚ್ಚರಿಕೆ ಸಾಲು ಬರ್ತಿದ್ವು, ಕಣ್ಣಿಗೆ ಕಿರಿಕಿರಿ ಅಂತ ಬರದಂಗ ಬಂದ್ ಮಾಡಿಟ್ಟೀನಿ.

ಘಟಪ್ರಭಾ_ದಂಡಿ

ಪೂರ್ತಿ ಚಿತ್ರ ನೋಡಿದೆ. ಅಕ್ಟೋಬರ್‌ಗೆ ನಿಂತ ಡೇಟಾದಾಗ ನವೆಂಬರ್ 1ರಿಂದ 10ರ ತನಕ ಬಣ್ಣ ಬಂದೈತಿ ನೋಡ್ರಿ. ಡಿಸೆಂಬರ್ ಇನ್ನೂ ಬಂದೇ ಇಲ್ಲ, ಅದರಾಗೂ 1ರಿಂದ 10ರ ತನಕ ವ್ಯಾಪಾರ ಆಗೈತಿ. ಇನ್ನ ಜನವರಿಯಿಂದ ಅಕ್ಟೋಬರ್ ತನಕ ಪ್ರತಿ ತಿಂಗಳ 11, 12ನೇ ತಾರೀಕಿನ ಮನಿ ಖಾಲಿ. ಅವತ್ತು ನೀವು ಅಂಗಡಿ ಬಂದ್ ಇಡ್ತೀರೇನು?

ಸಂತಿ_ಕಿರಾಣಿ

ಇಲ್ರಿ, ತೆರೆದೇ ಇರ್ತದ.

ಘಟಪ್ರಭಾ_ದಂಡಿ

ಹಂಗಾರ ದಿನ ಮತ್ತು ತಿಂಗಳು ಅದಲಬದಲ ಆಗ್ಯಾವು. ಹಳೆ ಪಾಂಡಾಸ್‌ಗೆ ತಾರೀಕಿನ ರೂಪ ಹೇಳದಿದ್ರ ಅದು ಅಮೆರಿಕದ ಪದ್ಧತಿಲೆ ಮೊದಲ ಅಂಕಿಯನ್ನ ತಿಂಗಳು ಅಂತ ಹಿಡೀತೈತಿ. ಒಂದೊಂದು ಸಾಲಿಗೂ ಬ್ಯಾರೆ ಬ್ಯಾರೆ ತೀರ್ಮಾನ ಮಾಡ್ತೈತಿ. ಏಪ್ರಿಲ್ 15 ಮಂಗಳವಾರ, 15/04 ಅಂತ ಬರದೈತಿ. 15ನೇ ತಿಂಗಳು ಇಲ್ಲ, ಹಂಗಾಗಿ ಅದನ್ನ ಸರಿಯಾಗಿ ಓದ್ತೈತಿ. ಏಪ್ರಿಲ್ 8 ಸೈತ ಮಂಗಳವಾರ, ಸಂತಿ ದಿನ. 08/04 ಅಂದ್ರ ಅದಕ್ಕ ಆಗಸ್ಟ್ 4 ಕಾಣ್ತೈತಿ, ಅದು ಸೋಮವಾರ. ನಿಮ್ಮ ಸೋಮವಾರದ ಸಾಲಿನ ಕಡು ಮನಿ ಅಲ್ಲಿಂದ ಬಂದದ್ದು. ಆಗಸ್ಟ್ 4ರ ಸಪ್ಪ ವ್ಯಾಪಾರ ಇತ್ತಾಗ ಬಂದು ಏಪ್ರಿಲ್ 8ರ ಮನ್ಯಾಗ ಕುಂತು ಅದನ್ನ ಬಿಳಚಿ ಮಾಡೈತಿ. ಆಗಸ್ಟ್ 5 ಮಂಗಳವಾರದ್ದು ಹೋಗಿ ಮೇ 8 ಗುರುವಾರದಾಗ ಬಿದ್ದೈತಿ. ಗುರುವಾರದ ಕಡು ಮನಿಗೂ ಲೆಕ್ಕ ಸಿಕ್ಕಂಗಾತು.

ನವೆಂಬರ್ ಬಣ್ಣನೂ ಇದೇ. ಜನವರಿ 11 ಅಂದ್ರ 11/01, ಅದು ನವೆಂಬರ್ 1 ಆತು. ಫೆಬ್ರವರಿ 11 ನವೆಂಬರ್ 2. ಹಿಂಗ ಅಕ್ಟೋಬರ್ ತನಕ ಹತ್ತು ದಿನ. ಮೊತ್ತ ಹೊಂದಿದ್ದಕ್ಕ ಡೇಟಾ ಸರಿ ಅಂದ್ರಿ. ತಾರೀಕು ಬದಲಾದ್ರೂ ರೂಪಾಯಿ ಎಲ್ಲೂ ಹೋಗೂದಿಲ್ಲ, ಹಂಗಾಗಿ ಮೊತ್ತ ನೋಡಿ ಈ ತಪ್ಪು ಎಂದೂ ಸಿಗೂದಿಲ್ಲ. ಹಿಂಗ ಓದಿಸ್ರಿ:

```python
df["date"] = pd.to_datetime(df["date"], format="%d/%m/%Y")
s = df.groupby("date")["amount"].sum()
print(s.index.min(), s.index.max())
calplot.calplot(s, vmax=s.quantile(0.95))
```

ಮೂರನೇ ಸಾಲು ಬಿಡಬ್ಯಾಡ್ರಿ. ಕಡಿ ತಾರೀಕು ಅಕ್ಟೋಬರ್ 31 ಬಂದ್ರ ಮಾತ್ರ ಮುಂದ ಹೋಗ್ರಿ. ಎಚ್ಚರಿಕೆ ಸಾಲು ಮತ್ತ ಕಾಣಂಗ ಮಾಡ್ರಿ, ಅವು ಇದನ್ನೇ ಹೇಳ್ತಿದ್ವು.

ಕೋಟೆಕೆರೆ_ಕೋಡರ್

ಅಷ್ಟು ಯಾಕ, dayfirst=True ಕೊಟ್ರ ಸಾಕಲ್ಲ?

ಘಟಪ್ರಭಾ_ದಂಡಿ

ಅದು ಬರೀ ಒಲವು, ಕಟ್ಟಳೆ ಅಲ್ಲ. ಫೈಲಿನ್ಯಾಗ ಎಲ್ಲೋ 04/15 ಅಂತ ಒಂದು ಸಾಲು ಇದ್ರ ಅದನ್ನ ನಿಲ್ಲದ ಏಪ್ರಿಲ್ 15 ಮಾಡಿ ನುಂಗಿಬಿಡ್ತೈತಿ. ರೂಪ ಕೊಟ್ರ ಅಲ್ಲೇ ತಪ್ಪು ಅಂತ ನಿಲ್ತೈತಿ. ಅಂಗಡಿ ಲೆಕ್ಕದಾಗ ನಿಲ್ಲೂದೇ ಚೊಲೋ. 2023ರಾಗ ಬಂದ ಪಾಂಡಾಸ್ 2.0ದಿಂದ ಈಚೆಗೆ ಮೊದಲ ಸಾಲು ನೋಡಿ ಒಂದೇ ರೂಪ ಹಿಡಿದು ಎಲ್ಲಾ ಸಾಲಿಗೂ ಹಚ್ತೈತಿ, ಹೊಂದದಿದ್ರ ನಿಂತುಬಿಡ್ತೈತಿ. ಹೊಸಾದು ಇದ್ದಿದ್ರ ಈ ಚಿತ್ರ ಮೂಡ್ತಾನೇ ಇರಲಿಲ್ಲ.

ಖಣದ_ಅಂಗಡಿ

ಶೀಟ್‌ನ್ಯಾಗ ನನಗೂ ಇದೇ ಆಗಿತ್ತು, ಆದ್ರ ಬ್ಯಾರೆ ರೀತಿ. ಶೀಟಿನ ದೇಶ ಅಮೆರಿಕ ಅಂತಿತ್ತು. 1ರಿಂದ 12ರ ತನಕ ಅದಲಬದಲ, 13ರಿಂದ ಮುಂದಿನ ತಾರೀಕು ಬರೀ ಅಕ್ಷರ ಆಗಿ ಉಳಿದು ಮನಿ ಖಾಲಿ ಬಂತು. ಗುರುತು ಹಿಡಿಯೂದು ಸಸಾರ: ತಾರೀಕಿನ ಕಾಲಂ ನೋಡ್ರಿ, ಸರಿ ತಾರೀಕು ಬಲಕ್ಕ ಸರದು ನಿಲ್ತಾವು, ಅಕ್ಷರ ಆದವು ಎಡಕ್ಕ. ಆಮ್ಯಾಲೆ ದೇಶ ಭಾರತ ಅಂತ ಬದಲಿಸಿದ್ರೂ ಅದಲಬದಲ ಆದವು ತಿರುಗಿ ಬರಲಿಲ್ಲ, ಕಾಣೂ ರೂಪ ಅಷ್ಟೇ ಬದಲಾತು. ಮೊದಲು ದೇಶ ಬದಲಿಸಿ, ಮೂಲ ಫೈಲ್ ಹೊಸದಾಗಿ ಒಳಗ ತರಬೇಕಾತು.

ಇನ್ನೊಂದು ಮಾತು. ಅಂಗಡಿ ಬಂದ್ ಇದ್ದ ದಿನ 0 ಬರೀಬ್ಯಾಡ್ರಿ, ಖಾಲಿ ಬಿಡ್ರಿ. ನಮ್ಮ ಬಾಗಲಕೋಟೆ ಹೋಳಿ ಬಣ್ಣದಾಗ ದಿನಗಟ್ಟಲೆ ಬಾಗಲಾ ತೆಗೆಯೂದಿಲ್ಲ. `AVERAGEIFS` ಖಾಲಿ ಮನಿ ಬಿಟ್ಟು ಲೆಕ್ಕ ಹಾಕ್ತೈತಿ, 0 ಇದ್ರ ಅದನ್ನೂ ಕೂಡಿಸ್ಕೊಂಡು ಆ ವಾರದ ಸರಾಸರಿ ಇಳಿಸ್ತೈತಿ.

ಸಂತಿ_ಕಿರಾಣಿ

ಆತ್ರಿ! ಮಂಗಳವಾರದ ಸಾಲು ಗೆರಿ ಎಳದಂಗ ಬಂದದ. ನವೆಂಬರ್, ಡಿಸೆಂಬರ್ ಖಾಲಿ. ಮಂಗಳವಾರದ ನಡುಬೆಲೆ 31 ಸಾವಿರದ ಹತ್ತಿರ, ಉಳಿದ ದಿನ 13ರಿಂದ 15 ಸಾವಿರ, ಬುಧವಾರ ಎಲ್ಲಾಕ್ಕಿಂತ ಕಮ್ಮಿ. ಸಂತ್ಯಾಗ ವಾರದ ಸಾಮಾನು ಒಯ್ದ ಮಂದಿ ಮರುದಿನ ಯಾಕ ಬರ್ತಾರ? ಹುಡುಗಗ ಬುಧವಾರ ಸುಟಿ ಅಂತ ಹೇಳಿಬಿಟ್ಟೆ. ಕೋಟೆಕೆರೆ ಸರ್, ನೀವು ಹೇಳಿದ 95 ಹಂಗೇ ಇಟ್ಟೀನಿ. ಮೇದಾಗ ಒಂದು ಮದುವಿ ಬಿಲ್ ಇತ್ತು, ಮಿತಿ ತೆಗದ್ರ ಎಲ್ಲಾ ಬಿಳಚಿ ಆಗ್ತದ.

ಆದ್ರ ಜೂನ್, ಜುಲೈದಾಗ ಮಂಗಳವಾರನೂ ಸಪ್ಪಗ ಅದಾವ. ತಾರೀಕು ಈಗ ಸರಿ ಅದಾವ, ಒಂದೊಂದು ತೆಗದು ನೋಡೀನಿ. ಸಂತಿ ಅಂತೂ ತುಂಬೇ ಇತ್ತು.

ಕೋಟೆಕೆರೆ_ಕೋಡರ್

ನಾ ಮೊದಲೇ ಹೇಳಿದ್ದೆ ದೊಡ್ಡ ಬಿಲ್ ಇರ್ತೈತಿ ಅಂತ. ಜೂನ್‌ದು ಮಳಿ. ಮಳ್ಯಾಗ ಮಂದಿ ಸಂತಿಗೆ ಬರೂದಿಲ್ಲ.

ಘಟಪ್ರಭಾ_ದಂಡಿ

ಸಂತಿ ತುಂಬಿತ್ತು ಅಂತ ಅವರೇ ಹೇಳ್ಯಾರಲ್ರಿ. ನನಗ ಉದ್ರಿ ಮ್ಯಾಲೆ ಸಂಶಯ. ಬಿತ್ತನಿ ಹೊತ್ತಿನ್ಯಾಗ ರೈತರ ಕೈಯಾಗ ರೊಕ್ಕ ಇರೂದಿಲ್ಲ, ಸಾಮಾನು ಉದ್ರಿ ಒಯ್ತಾರ. ನಿಮ್ಮ ಫೈಲಿನ್ಯಾಗ ಇರೋ ತಾರೀಕು ಸಾಮಾನು ಹೋದ ದಿನದ್ದೋ, ರೊಕ್ಕ ಬಂದ ದಿನದ್ದೋ? ರೊಕ್ಕ ಬಂದ ದಿನದ್ದು ಆದ್ರ ಆ ಸಂತಿ ವ್ಯಾಪಾರ ಮುಂದ ಪೈರು ಮಾರಿದ ದಿನಗಳಾಗ ಚೆಲ್ಲಿರ್ತೈತಿ. ಹಂಗಿದ್ರ ಹೀಟ್‌ಮ್ಯಾಪ್ ತೋರಿಸೂದು ವಸೂಲಿ, ಮಾರಾಟ ಅಲ್ಲ.

ಸಂತಿ_ಕಿರಾಣಿ

ಉದ್ರಿ ನಮ್ಮಪ್ಪನ ಕೆಂಪು ವಹಿಯಾಗ ಇರ್ತದ್ರಿ, ರೊಕ್ಕ ಬಂದಾಗಷ್ಟೇ ಆ್ಯಪ್‌ನ್ಯಾಗ ಹೊಡೀತೀವಿ. ವಹಿ ತೆಗದು ಜೂನ್ ತಿಂಗಳದ್ದಷ್ಟು ದಿನವಾರು ಬರದು ನೋಡ್ತೀನಿ. ಅಪ್ಪನ ಅಕ್ಷರ ಓದಾಕ ವ್ಯಾಳ್ಯಾ ಹಿಡೀತದ.

ನಿವೃತ್ತ_ನಡಿಗೆ

ಅಕ್ಕಾ, ನೀವು ಹೇಳಿದ ಸೂತ್ರ ಎಲ್ಲಿ ಹಾಕಬೇಕು? ನನ್ನದು ಗಡಿಯಾರದ ಆ್ಯಪ್‌ನಲ್ಲೇ ಬರುವ ಚಿತ್ರ, ಶೀಟ್ ಇಲ್ಲ.

ಖಣದ_ಅಂಗಡಿ

ಆ್ಯಪ್‌ನ್ಯಾಗ ಸೂತ್ರ ಹಾಕಾಕ ಬರೂದಿಲ್ರಿ ಅಜ್ಜಾರ. ಅದರ ಸೆಟ್ಟಿಂಗ್‌ನ್ಯಾಗ ವಾರದ ಮೊದಲ ದಿನ ಯಾವುದು, ಕಾಲವಲಯ ಯಾವುದು ಐತಿ ಅಂತ ನೋಡ್ರಿ. ಬೆಳಿಗ್ಗೆ ಎಷ್ಟು ಗಂಟೆಕ್ಕ ನಡಿಯಾಕ ಹೋಗ್ತೀರಿ?

ನಿವೃತ್ತ_ನಡಿಗೆ

ನಾಲ್ಕೂವರೆಗೆ ಹೊರಡುತ್ತೇನೆ, ಐದೂವರೆಯೊಳಗೆ ಮನೆಗೆ ಬಂದುಬಿಡುತ್ತೇನೆ.

ಘಟಪ್ರಭಾ_ದಂಡಿ

ಹಂಗಾರ ಕಾಲವಲಯ ಮೊದಲು ನೋಡ್ರಿ. ಗ್ರೀನಿಚ್ ಹೊತ್ತಿನ ಲೆಕ್ಕದಾಗ ದಿನ ಬದಲಾಗೂದು ನಮ್ಮ ಬೆಳಗಿನ ಐದೂವರೆಗೆ. ಗಡಿಯಾರ ಆ ಲೆಕ್ಕದಾಗ ಇದ್ರ ನಿಮ್ಮ ರವಿವಾರದ ನಡಿಗಿ ಪೂರ್ತಿ ಶನಿವಾರಕ್ಕ ಸೇರ್ತೈತಿ. ಒಂದು ದಿನ ಆರು ಗಂಟೆ ಮ್ಯಾಲೆ ಹೋಗಿ ಬಂದು ನೋಡ್ರಿ. ಆ ಹೆಜ್ಜಿ ಅವತ್ತಿನ ಮನ್ಯಾಗೇ ಬಿದ್ರ ತಪ್ಪು ಅಲ್ಲೇ ಐತಿ, ಗಡಿಯಾರ ಬದಲಿಸೂದು ಬ್ಯಾಡ.