ಸಹಾಯ ಬೇಕು: ಆಪರೇಷನ್ ಒಪ್ಪಿಗೆ ಪತ್ರದ ಒಂದು ವಾಕ್ಯ ಕನ್ನಡಕ್ಕೆ ಬರುತ್ತಿಲ್ಲ

ನಮಸ್ಕಾರ. ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವ ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷ್‌ನಲ್ಲಿ ಅದು ಉದ್ದ ವಾಕ್ಯ: ಅಗತ್ಯ ಬಿದ್ದರೆ ಹೊಟ್ಟೆ ತೆರೆದು ಆಪರೇಷನ್ ಮಾಡಲು ಮತ್ತು ಪ್ರಾಣಾಪಾಯವಿದ್ದು ಕಾಯಲಾಗದಿದ್ದರೆ ಬೇರೆ ಚಿಕಿತ್ಸೆ ಮಾಡಲು ಒಪ್ಪಿಗೆ ಇದೆ ಅಂತ.

ಮೊದಲು ಇದ್ದ ಹಾಗೇ ಅನುವಾದ ಮಾಡಿದೆ. ಓದಿಸಿ ನೋಡಿದರೆ, ಕೊನೆ ತಲುಪುವಷ್ಟರಲ್ಲಿ ಮೊದಲಿನದು ಮರೆತೇ ಹೋಗುತ್ತದೆ. ಆಮೇಲೆ ಸುಲಭ ಮಾಡಿದೆ: ‘ಆಪರೇಷನ್ ನಡುವೆ ಬೇರೇನಾದರೂ ಬೇಕೆನಿಸಿದರೆ ಡಾಕ್ಟರು ಮಾಡಬಹುದು.’ ಇದು ಎಲ್ಲರಿಗೂ ಅರ್ಥವಾಯಿತು. ಆದರೆ ಪ್ರಾಣಾಪಾಯದ ಷರತ್ತೇ ಬಿದ್ದುಹೋಯಿತು! ರೋಗಿ ಕೊಡದ ಅನುಮತಿಯನ್ನು ನಾನೇ ಕೊಡಿಸಿದಂತಾಗುತ್ತದೆ ಅಲ್ವಾ? ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಲ್ಲಿ ಪರೀಕ್ಷೆಗೆಂದು ಲ್ಯಾಪರೋಸ್ಕೋಪಿಗೆ ಒಪ್ಪಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಆಕೆಯ ಬದಲು ಆಕೆಯ ತಾಯಿ ಕೊಟ್ಟ ಒಪ್ಪಿಗೆ ಸಾಲದು ಎಂದಿತು ಕೋರ್ಟ್.

ಈಗ ಎರಡು ತುಂಡು ಮಾಡಿದ್ದೇನೆ:
‘ಸಣ್ಣ ತೂತುಗಳಿಂದ ಆಗದಿದ್ದರೆ, ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆಯಬಹುದು.’
‘ಬೇರೆ ಆಪರೇಷನ್ ಮಾಡಬಾರದು. ನನ್ನ ಪ್ರಾಣಕ್ಕೆ ಅಪಾಯವಿದ್ದು, ನನಗೆ ಎಚ್ಚರವಾಗುವ ತನಕ ಕಾಯಲು ಆಗದಿದ್ದರೆ ಮಾತ್ರ ಮಾಡಬಹುದು.’

ಓದಲು ಹಗುರ. ಆದರೆ ‘ಮಾಡಬಾರದು’ ಎಂಬ ನೇರ ಮಾತು ಮೂಲದಲ್ಲಿಲ್ಲ. ಅದು ಅಲ್ಲಿ ಬರೀ ಸೂಚ್ಯವಾಗಿದೆ.

ಇಂಥ ಪತ್ರ ಅನುವಾದಿಸಿದವರು ಅಥವಾ ವಕೀಲರು ಹೇಳಿ: ಈ ‘ಮಾಡಬಾರದು’ ಉಳಿಸಬಹುದೇ, ಇಲ್ಲ ಮೂಲ ಇಂಗ್ಲಿಷನ್ನೇ ಮೊದಲು ತಿದ್ದಿಸಬೇಕೇ?